ನೆಲಕ್ಕೆಷ್ಟು, ಕಟ್ಟಡಕ್ಕೆಷ್ಟು?

ದಾವಣಗೆರೆಯಲ್ಲಿ ಸಣ್ಣದೊಂದು ಪ್ರಿಂಟಿಂಗ್ ಪ್ರೆಸ್ ನಡೆಸುವವರೊಬ್ಬರು ಇಷ್ಟು ವರ್ಷ ಬಾಡಿಗೆ ಕಟ್ಟಿದ ಮೇಲೆ ಸ್ವಂತ ಕಟ್ಟಡವನ್ನೇ ಕೊಂಡರು ಎಂದುಕೊಳ್ಳೋಣ. ಮೂವತ್ತು–ನಲವತ್ತರ ಸೈಟು, ಮೇಲೆ ಹದಿನೈದು ವರ್ಷ ಹಳೆಯ ಎರಡಂತಸ್ತಿನ ಆರ್‌ಸಿಸಿ ಕಟ್ಟಡ. ಮಾತಾದ ಬೆಲೆ 80 ಲಕ್ಷ ರೂಪಾಯಿ. ಕ್ರಯಪತ್ರದಲ್ಲಿ ಬರೆದಿರುವುದು ಈ ಒಂದೇ ಮೊತ್ತ. ಮಾರ್ಚ್ ಬಂದಾಗ ಅವರು ಫೈಲು ಹಿಡಿದು ಆಡಿಟರ ಬಳಿ ಹೋಗಿ, ‘ಸರ್, ರಿಜಿಸ್ಟ್ರೇಷನ್‌ಗೆ ಕೊಟ್ಟಿದ್ದನ್ನ ಈ ವರ್ಷದ ಖರ್ಚಿಗೇ ಹಾಕಿಬಿಡ್ರಿ’ ಅನ್ನುತ್ತಾರೆ. ಆಡಿಟರು ಒಪ್ಪುವುದಿಲ್ಲ. ‘ಅದು ಖರ್ಚಲ್ಲ ಸ್ವಾಮಿ, ಆಸ್ತಿ. ಮೊದಲು ಹೇಳಿ, ಎಂಬತ್ತರಲ್ಲಿ ನೆಲಕ್ಕೆಷ್ಟು, ಕಟ್ಟಡಕ್ಕೆಷ್ಟು?’

ಈ ಪ್ರಶ್ನೆಗೆ ಹೆಚ್ಚಿನವರ ಬಳಿ ಉತ್ತರ ಇರುವುದಿಲ್ಲ. ಕೊಂಡದ್ದು ಒಂದು ಆಸ್ತಿ, ಕೊಟ್ಟದ್ದು ಒಂದು ಮೊತ್ತ, ಬಂದದ್ದು ಒಂದು ಪತ್ರ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಅಲ್ಲಿ ಎರಡು ಆಸ್ತಿಗಳಿವೆ. ಕಟ್ಟಡ ವರ್ಷದಿಂದ ವರ್ಷಕ್ಕೆ ಹಳೆಯದಾಗುತ್ತದೆ, ಒಂದು ದಿನ ಬಳಕೆಗೆ ಬಾರದಂತಾಗುತ್ತದೆ. ನೆಲ ಹಾಗಲ್ಲ, ಅದು ಸವೆಯುವುದಿಲ್ಲ. ಆದ್ದರಿಂದ ಕಟ್ಟಡದ ಬೆಲೆಯನ್ನು ವರ್ಷವರ್ಷ ಸವಕಳಿ ಎಂದು ಸ್ವಲ್ಪಸ್ವಲ್ಪವೇ ಖರ್ಚಿಗೆ ಬರೆದುಕೊಳ್ಳಬಹುದು, ನೆಲದ ಬೆಲೆಯಲ್ಲಿ ಒಂದು ರೂಪಾಯಿಯನ್ನೂ ಹಾಗೆ ಬರೆಯುವಂತಿಲ್ಲ. ಪಂಜಾಬಿನ ಆಲ್ಪ್ಸ್ ಥಿಯೇಟರ್ ಎಂಬ ಚಿತ್ರಮಂದಿರದ ಪ್ರಕರಣದಲ್ಲಿ ಇದೇ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಕಟ್ಟಡದ ಸವಕಳಿಗೆ ಅದರಡಿಯ ನೆಲದ ಬೆಲೆಯನ್ನು ಸೇರಿಸಿಕೊಳ್ಳುವಂತಿಲ್ಲ ಎಂದು 1967ರಲ್ಲಿ ತೀರ್ಪು ಬಂತು. ಲೆಕ್ಕಪರಿಶೋಧಕರು ಅನುಸರಿಸುವ ಎಎಸ್ 10 ಮಾನದಂಡವೂ ಅದನ್ನೇ ಹೇಳುತ್ತದೆ: ನೆಲ ಮತ್ತು ಕಟ್ಟಡವನ್ನು ಒಟ್ಟಿಗೇ ಕೊಂಡಿದ್ದರೂ ಬೇರೆ ಬೇರೆಯಾಗಿ ಬರೆಯಬೇಕು.

ಹಂಚುವುದಕ್ಕೆ ಮುಂಚೆ, ಹಂಚಬೇಕಾದ ಮೊತ್ತ ಎಷ್ಟೆಂದು ಗೊತ್ತಾಗಬೇಕು. ಅದು 80 ಲಕ್ಷವಲ್ಲ.

ಉಪನೋಂದಣಾಧಿಕಾರಿ ಕಚೇರಿಗೆ ಕಟ್ಟಿದ ಹಣದ ರಸೀದಿಯನ್ನು ಬಿಡಿಸಿ ನೋಡಿದರೆ ಅದರೊಳಗೆ ನಾಲ್ಕು ಬಾಬುಗಳಿವೆ. ಮೊದಲನೆಯದು ಮುದ್ರಾಂಕ ಶುಲ್ಕ. ಕರ್ನಾಟಕದಲ್ಲಿ ಈ ಗಾತ್ರದ ಕ್ರಯಕ್ಕೆ ಅದು ಶೇ. 5, ಅಂದರೆ 4 ಲಕ್ಷ ರೂಪಾಯಿ. ಎರಡನೆಯದು ಸೆಸ್, ಇದು ಆಸ್ತಿಯ ಬೆಲೆಯ ಮೇಲಲ್ಲ, ಮುದ್ರಾಂಕ ಶುಲ್ಕದ ಮೇಲೆ ಶೇ. 10, ಆದ್ದರಿಂದ 40,000. ಮೂರನೆಯದಾದ ಸರ್‌ಚಾರ್ಜ್ ಕೂಡ ಮುದ್ರಾಂಕ ಶುಲ್ಕದ ಮೇಲೆಯೇ. ನಗರ ಪ್ರದೇಶದಲ್ಲಿ ಶೇ. 2, ಗ್ರಾಮಾಂತರದಲ್ಲಿ ಶೇ. 3. ಇಲ್ಲಿ 8,000 ಆಯಿತು. ನಾಲ್ಕನೆಯದು ನೋಂದಣಿ ಶುಲ್ಕ. ಬಹುಕಾಲ ಶೇ. 1 ಇದ್ದ ಇದನ್ನು ರಾಜ್ಯ ಸರ್ಕಾರ 2025ರ ಆಗಸ್ಟ್ 31ರಿಂದ ಶೇ. 2ಕ್ಕೆ ಏರಿಸಿತು, ಹಾಗಾಗಿ 1,60,000. ನಾಲ್ಕೂ ಸೇರಿ 6,08,000 ರೂಪಾಯಿ, ಬೆಲೆಯ ಮೇಲೆ ಶೇ. 7.6.

ಇದರ ಮೇಲೆ ವಕೀಲರಿದ್ದಾರೆ. ಮೂಲಪತ್ರ, ಋಣಭಾರ ಪತ್ರ, ಖಾತೆ ಎಲ್ಲ ನೋಡಿ ಹಕ್ಕು ಸರಿಯಾಗಿದೆ ಎಂದು ಅಭಿಪ್ರಾಯ ಬರೆದು, ಕ್ರಯಪತ್ರದ ಕರಡು ಮಾಡಿಕೊಟ್ಟದ್ದಕ್ಕೆ 32,000. ಜಾಗ ತೋರಿಸಿದ ಬ್ರೋಕರ್‌ಗೆ ಒಂದು ಪರ್ಸೆಂಟ್, 80,000. ಈ ಆಸ್ತಿಯನ್ನು ಕೈಗೆ ತಂದುಕೊಳ್ಳಲೆಂದೇ ಆದ ವೆಚ್ಚಗಳು ಇವು. ಕೊಳ್ಳದೇ ಇದ್ದಿದ್ದರೆ ಒಂದೂ ಆಗುತ್ತಿರಲಿಲ್ಲ, ಕಟ್ಟಿದ ಮೇಲೆ ಒಂದೂ ಹಿಂದಕ್ಕೆ ಬರುವುದಿಲ್ಲ. ಆದ್ದರಿಂದ ಎಲ್ಲವೂ ಆಸ್ತಿಯ ಬೆಲೆಯೊಳಗೇ ಸೇರುತ್ತವೆ. 6,08,000, 32,000 ಮತ್ತು 80,000 ಕೂಡಿದರೆ 7,20,000. ನಮ್ಮ ಪ್ರೆಸ್ಸಿನವರು ಕೊಂಡದ್ದು 87,20,000 ರೂಪಾಯಿಯ ಆಸ್ತಿ.

ಅದೇ ತಿಂಗಳ ಪಾಸ್‌ಬುಕ್ಕಿನಲ್ಲಿ ಇನ್ನೂ ಕೆಲವು ಮೊತ್ತಗಳಿರುತ್ತವೆ, ನೋಡಲು ಇವೇ ಜಾತಿಯವು, ಆದರೆ ಇಲ್ಲಿ ಸೇರದವು. ಬ್ಯಾಂಕ್ ಸಾಲಕ್ಕಾಗಿ ಹಕ್ಕುಪತ್ರಗಳನ್ನು ಒತ್ತೆ ಇಟ್ಟಾಗ ಅದಕ್ಕೂ ಮುದ್ರಾಂಕ ಶುಲ್ಕ ಉಂಟು, ಬ್ಯಾಂಕಿನ ವಕೀಲರ ಶುಲ್ಕ ಉಂಟು, ಪ್ರೊಸೆಸಿಂಗ್ ಫೀ ಉಂಟು. ಅವು ಸಾಲ ಪಡೆದದ್ದಕ್ಕೆ ಆದ ವೆಚ್ಚ, ಆಸ್ತಿ ಕೊಂಡದ್ದಕ್ಕೆ ಆದದ್ದಲ್ಲ. ಎರಡೂ ಮುದ್ರಾಂಕ ಶುಲ್ಕವೇ ಆದ್ದರಿಂದ ಗುಮಾಸ್ತರು ಒಂದೇ ಶೀರ್ಷಿಕೆಯಡಿ ಬರೆದುಬಿಡುವುದು ಸಾಮಾನ್ಯ. ಹಾಗೆಯೇ, ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಕೊಳ್ಳುವವರು ಮಾರುವವರ ಪರವಾಗಿ ಶೇ. 1 ಟಿಡಿಎಸ್ ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು. ಇಲ್ಲಿ ಅದೂ 80,000. ಬ್ರೋಕರ್‌ಗೆ ಹೋದ 80,000 ಬೆಲೆಯ ಮೇಲೆ ಸೇರುತ್ತದೆ, ಟಿಡಿಎಸ್‌ನ 80,000 ಸೇರುವುದಿಲ್ಲ. ಅದು ಮಾರಿದವರಿಗೆ ಸಲ್ಲಬೇಕಾದ 80 ಲಕ್ಷದಲ್ಲೇ ಒಂದು ಪಾಲು. ಇನ್ನು, ಇದಕ್ಕೂ ಮುಂಚೆ ನೋಡಿ ಹಕ್ಕು ಸರಿಯಿಲ್ಲವೆಂದು ಕೈಬಿಟ್ಟ ಬೇರೊಂದು ಕಟ್ಟಡಕ್ಕೆ ವಕೀಲರಿಗೆ ಕೊಟ್ಟ ಶುಲ್ಕವನ್ನು ಈ ಕಟ್ಟಡದ ಮೇಲೆ ಹೊರಿಸುವಂತಿಲ್ಲ.

ನಗದಿನ ವಿಷಯ ಒಂದನ್ನು ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಸಣ್ಣ ವ್ಯಾಪಾರಿಗಳಿಗೆ ಹೆಚ್ಚು ಪೆಟ್ಟು ಬೀಳುವುದು ಇಲ್ಲೇ. ಆಸ್ತಿ ಕೊಳ್ಳುವ ಸಂಬಂಧ ಒಬ್ಬರಿಗೆ ಒಂದೇ ದಿನದಲ್ಲಿ 10,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ, ಆ ಮೊತ್ತವನ್ನು ಸವಕಳಿಯ ಲೆಕ್ಕಕ್ಕೆ ಆಸ್ತಿಯ ಬೆಲೆ ಎಂದು ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ. ಬ್ರೋಕರ್ ‘ಕ್ಯಾಷೇ ಕೊಡಿ’ ಅಂದರೆಂದು ಆ 80,000ವನ್ನು ನೋಟಿನಲ್ಲಿ ಎಣಿಸಿಕೊಟ್ಟಿದ್ದರೆ, ರಸೀದಿ ಇದ್ದರೂ ಅದು ಎಣಿಕೆಗೆ ಬರುವುದಿಲ್ಲ. ಬ್ಯಾಂಕ್ ಮೂಲಕವೇ ಕೊಡಿ.

ಈಗ ಹಂಚಿಕೆಗೆ ಬರೋಣ.

ನಿಯಮ ಸರಳವಾಗಿದೆ: ಒಟ್ಟು ಬೆಲೆಯನ್ನು, ಕೊಂಡ ದಿನ ನೆಲಕ್ಕೂ ಕಟ್ಟಡಕ್ಕೂ ಬೇರೆ ಬೇರೆಯಾಗಿ ಇದ್ದ ನ್ಯಾಯಬೆಲೆಯ ಅನುಪಾತದಲ್ಲಿ ಹಂಚಬೇಕು. ಆ ಬೆಲೆ ತಿಳಿಯಲು ಉತ್ತಮ ದಾರಿ ನೋಂದಾಯಿತ ಮೌಲ್ಯಮಾಪಕರ ವರದಿ. ಅವರು ಮಾಡುವ ಕೆಲಸ ಹೀಗಿರುತ್ತದೆ. ನೆಲಕ್ಕೆ, ಸುತ್ತಮುತ್ತ ಈಚೆಗೆ ನೋಂದಣಿಯಾದ ಸೈಟುಗಳ ದರ ನೋಡುತ್ತಾರೆ. ನಮ್ಮ ಉದಾಹರಣೆಯಲ್ಲಿ ಚದರಡಿಗೆ 5,250 ಎಂದು ಬಂತು. 1,200 ಚದರಡಿಗೆ 63 ಲಕ್ಷ. ಕಟ್ಟಡಕ್ಕೆ, ಅಂಥದ್ದನ್ನು ಈವತ್ತು ಹೊಸದಾಗಿ ಕಟ್ಟಲು ಎಷ್ಟಾಗುತ್ತದೆ ಎಂದು ಮೊದಲು ಲೆಕ್ಕ ಹಾಕುತ್ತಾರೆ. ಎರಡೂ ಅಂತಸ್ತು ಸೇರಿ 1,400 ಚದರಡಿ, ಚದರಡಿಗೆ 2,000ದಂತೆ 28 ಲಕ್ಷ. ಆರ್‌ಸಿಸಿ ಕಟ್ಟಡದ ಆಯುಸ್ಸು 60 ವರ್ಷ ಎಂದಿಟ್ಟುಕೊಂಡರೆ ಹದಿನೈದು ವರ್ಷ ಈಗಾಗಲೇ ಕಳೆದಿದೆ. ಕಾಲುಭಾಗ ಕಳೆದರೆ ಉಳಿದದ್ದು 21 ಲಕ್ಷ.

63 ಮತ್ತು 21 ಕೂಡಿದರೆ 84 ಲಕ್ಷ. ಆದರೆ ಕೊಟ್ಟದ್ದು 80. ಇಲ್ಲಿ ಹಲವರು ಗೊಂದಲಕ್ಕೆ ಬೀಳುತ್ತಾರೆ. ಕಟ್ಟಡಕ್ಕೆ 21 ಎಂದು ವರದಿಯಲ್ಲಿದೆಯಲ್ಲ, ಅದನ್ನೇ ಬರೆದು ಉಳಿದ 59 ಲಕ್ಷವನ್ನು ನೆಲಕ್ಕೆ ಹಾಕಿದರಾಯಿತು ಎನ್ನುತ್ತಾರೆ. ಹಾಗೆ ಮಾಡಿದರೆ ಚೌಕಾಸಿಯಿಂದ ಉಳಿದ 4 ಲಕ್ಷದ ಲಾಭವೆಲ್ಲ ನೆಲದ ಪಾಲಿಗೇ ಹೋದಂತಾಗುತ್ತದೆ. ಬೆಲೆ ಇಳಿದದ್ದು ಇಡೀ ಆಸ್ತಿಗೆ. ವರದಿಯಿಂದ ನಮಗೆ ಬೇಕಾದದ್ದು ಮೊತ್ತವಲ್ಲ, ಅನುಪಾತ. 63ಕ್ಕೆ 21 ಅಂದರೆ ಮುಕ್ಕಾಲು ನೆಲ, ಕಾಲು ಕಟ್ಟಡ. 80 ಲಕ್ಷದಲ್ಲಿ ನೆಲಕ್ಕೆ 60, ಕಟ್ಟಡಕ್ಕೆ 20.

ಮುದ್ರಾಂಕ ಶುಲ್ಕವೂ ವಕೀಲರ ಶುಲ್ಕವೂ ಹೋಗಬೇಕಾದದ್ದು ಇದೇ ದಾರಿಯಲ್ಲಿ. ಕ್ರಯಪತ್ರ ಒಂದೇ, ಅದರಿಂದ ನೆಲವೂ ಬಂತು ಕಟ್ಟಡವೂ ಬಂತು, ಬೆಲೆ ಹೆಚ್ಚಿದ್ದರ ಮೇಲೆ ಶುಲ್ಕವೂ ಹೆಚ್ಚು ಬಿದ್ದಿದೆ. ಆದ್ದರಿಂದ 7,20,000ದಲ್ಲಿ ಮುಕ್ಕಾಲು ಪಾಲು 5,40,000 ನೆಲಕ್ಕೆ, ಕಾಲು ಪಾಲು 1,80,000 ಕಟ್ಟಡಕ್ಕೆ. ಆದರೆ ಎಲ್ಲ ವೆಚ್ಚವೂ ಎರಡಕ್ಕೂ ಸೇರಿದ್ದಲ್ಲ. ಕೊಳ್ಳುವ ಮುಂಚೆ ಇವರು ಎಂಜಿನಿಯರೊಬ್ಬರನ್ನು ಕರೆಸಿ, ಭಾರದ ಪ್ರಿಂಟಿಂಗ್ ಮೆಷಿನ್ನನ್ನು ಈ ನೆಲಹಾಸು, ಈ ಕಂಬಗಳು ತಡೆಯುತ್ತವೆಯೇ ಎಂದು ಪರೀಕ್ಷೆ ಮಾಡಿಸಿ 15,000 ಕೊಟ್ಟಿದ್ದರು. ಅದು ಪೂರ್ತಿ ಕಟ್ಟಡಕ್ಕೇ ಸೇರಬೇಕು. ಸೈಟಿನ ಗಡಿ ಅಳತೆಗೆ ಸರ್ವೆಯವರಿಗೆ ಕೊಟ್ಟಿದ್ದರೆ ಅದು ಪೂರ್ತಿ ನೆಲಕ್ಕೆ. ಯಾವುದಕ್ಕೆ ಆಯಿತೆಂದು ಕೈತೋರಿಸಿ ಹೇಳಬಹುದಾದ ವೆಚ್ಚವನ್ನು ಅದಕ್ಕೇ ಹಾಕಿ, ಹಾಗೆ ಹೇಳಲಾಗದ್ದನ್ನು ಮಾತ್ರ ಅನುಪಾತದಲ್ಲಿ ಹಂಚಬೇಕು.

ಕೊನೆಗೆ ಪುಸ್ತಕದಲ್ಲಿ ಕೂರುವುದು ಎರಡು ಅಂಕಿ. ನೆಲ: 65,40,000. ಕಟ್ಟಡ: 21,95,000.

ಇಲ್ಲಿ ಒಂದು ಕ್ಷಣ ನಿಂತು ಆ 5,40,000 ರೂಪಾಯಿಯನ್ನು ನೋಡಬೇಕು. ನೋಂದಣಿಗೆ, ವಕೀಲರಿಗೆ, ಬ್ರೋಕರಿಗೆ ಕೈಯಿಂದ ಹೋದ ಹಣದ ಮುಕ್ಕಾಲು ಭಾಗ ಅದು. ಅದಕ್ಕೆ ಈ ವರ್ಷ ತೆರಿಗೆಯಲ್ಲಿ ಯಾವ ವಿನಾಯಿತಿಯೂ ಇಲ್ಲ, ಮುಂದಿನ ವರ್ಷವೂ ಇಲ್ಲ. ನೆಲದ ಬೆಲೆಯೊಳಗೆ ಸೇರಿಕೊಂಡು, ಆ ನೆಲ ಮಾರುವವರೆಗೂ ಅದು ಅಲ್ಲೇ ಇರುತ್ತದೆ. ಕಟ್ಟಡದ 21,95,000ದ ಕಥೆ ಬೇರೆ. ವಾಸಕ್ಕಲ್ಲದ ಕಟ್ಟಡಕ್ಕೆ ಆದಾಯ ತೆರಿಗೆಯಲ್ಲಿ ವರ್ಷಕ್ಕೆ ಶೇ. 10 ಸವಕಳಿ ಇದೆ, ಪ್ರತಿ ವರ್ಷವೂ ಉಳಿದ ಬೆಲೆಯ ಮೇಲೆ. ಮೊದಲ ವರ್ಷ 2,19,500, ಎರಡನೆಯ ವರ್ಷ 1,97,550, ಹೀಗೆ ಇಳಿಯುತ್ತ ಹೋಗುತ್ತದೆ. ಕೊಂಡ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಆ ವರ್ಷಕ್ಕೆ ಅರ್ಧ ಮಾತ್ರ. ನೋಂದಣಿಯಾದ ದಿನದಿಂದಲ್ಲ, ಪ್ರೆಸ್ಸು ಅಲ್ಲಿ ಕೆಲಸ ಶುರುಮಾಡಿದ ದಿನದಿಂದ ಎಣಿಕೆ.

ಅಂದಮೇಲೆ ಕಟ್ಟಡದ ಪಾಲನ್ನು ದೊಡ್ಡದು ಮಾಡಿಕೊಳ್ಳುವ ಆಸೆ ಹುಟ್ಟುವುದು ಸಹಜ. ಅದಕ್ಕೆ ಸುಲಭವಾಗಿ ಸಿಗುವ ಆಧಾರ ಸರ್ಕಾರದ ಮಾರ್ಗಸೂಚಿ ದರ. ನೋಂದಣಿ ಇಲಾಖೆ ನೆಲಕ್ಕೆ ಒಂದು ದರ, ಕಟ್ಟಡಕ್ಕೆ ಬೇರೊಂದು ದರ ಗೊತ್ತುಮಾಡಿರುತ್ತದೆ. ನಮ್ಮ ಉದಾಹರಣೆಯ ಬೀದಿಯಲ್ಲಿ ನೆಲಕ್ಕೆ ಚದರಡಿಗೆ 3,000 ಇದ್ದು 36 ಲಕ್ಷವಾಗಿ, ಕಟ್ಟಡಕ್ಕೆ 24 ಲಕ್ಷ ಬಂದಿದ್ದರೆ ಒಟ್ಟು 60 ಲಕ್ಷ. ಕೊಟ್ಟ ಬೆಲೆ ಅದಕ್ಕಿಂತ ಹೆಚ್ಚು, ಆದ್ದರಿಂದ ಶುಲ್ಕ ಬಿದ್ದದ್ದು 80 ಲಕ್ಷದ ಮೇಲೆ. ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಶುಲ್ಕ. ಆದರೆ ಹಂಚಿಕೆಗೆ ಈ ಅನುಪಾತ ಹಿಡಿದರೆ ಕಟ್ಟಡದ ಪಾಲು ಶೇ. 40 ಆಗಿಬಿಡುತ್ತದೆ. 87,20,000ದಲ್ಲಿ 34,88,000, ಅದರ ಮೇಲೆ ಎಂಜಿನಿಯರರ 15,000. ಮೊದಲ ವರ್ಷದ ಸವಕಳಿ 3,50,300 ರೂಪಾಯಿ. ಮೌಲ್ಯಮಾಪಕರ ಲೆಕ್ಕಕ್ಕಿಂತ 1,30,800 ಹೆಚ್ಚು.

ಈ ವ್ಯತ್ಯಾಸ ಎಲ್ಲಿಂದ ಬಂತು? ಬೇಡಿಕೆ ಏರುತ್ತಿರುವ ಬೀದಿಗಳಲ್ಲಿ ಮಾರ್ಗಸೂಚಿ ದರ ಮಾರುಕಟ್ಟೆಗಿಂತ ಹಿಂದೆ ಬಿದ್ದಿರುತ್ತದೆ, ಅದರಲ್ಲೂ ನೆಲದ ದರ. ಇಟ್ಟಿಗೆ, ಸಿಮೆಂಟು, ಕಬ್ಬಿಣದ ಖರ್ಚು ಒಂದು ಬೀದಿಯಿಂದ ಇನ್ನೊಂದಕ್ಕೆ ಅಷ್ಟೇನೂ ಬದಲಾಗುವುದಿಲ್ಲ, ಆದ್ದರಿಂದ ಕಟ್ಟಡದ ದರ ವಾಸ್ತವಕ್ಕೆ ಹತ್ತಿರವಿರುತ್ತದೆ. ಒಂದು ಹಿಂದುಳಿದು ಇನ್ನೊಂದು ಸರಿಯಿದ್ದರೆ ಅನುಪಾತ ಕಟ್ಟಡದ ಕಡೆಗೆ ವಾಲುತ್ತದೆ. ಮಾರ್ಗಸೂಚಿ ದರವನ್ನೇ ಆಧಾರ ಮಾಡಿಕೊಳ್ಳುವುದು ತಪ್ಪೆಂದು ನಾನು ಹೇಳುವುದಿಲ್ಲ. ವರದಿಯೇ ಇಲ್ಲದ ಕಡೆ ಮನಸ್ಸಿಗೆ ತೋಚಿದ ‘ಫಿಫ್ಟಿ ಫಿಫ್ಟಿ’ಗಿಂತ ಅದು ಎಷ್ಟೋ ಮೇಲು. ಆದರೆ ಮಾರ್ಗಸೂಚಿ ದರ ಮತ್ತು ಕೊಟ್ಟ ಬೆಲೆಯ ನಡುವೆ ಅಂತರ ಜಾಸ್ತಿ ಇದ್ದಷ್ಟೂ ಆ ಅನುಪಾತವನ್ನು ಸಂಶಯದಿಂದ ನೋಡಬೇಕು. ಹದಿನೈದು ವರ್ಷದ ಹಳೆಯ ಕಟ್ಟಡವೊಂದಕ್ಕೆ, ಅಷ್ಟೇ ದೊಡ್ಡದನ್ನು ಹೊಸದಾಗಿ ಕಟ್ಟಲು ತಗಲುವ 28 ಲಕ್ಷವನ್ನೂ ಮೀರಿ 35 ಲಕ್ಷ ಬರೆದುಕೊಂಡರೆ, ತೆರಿಗೆ ಅಧಿಕಾರಿ ಕೇಳುವ ಮೊದಲ ಪ್ರಶ್ನೆಗೇ ಉತ್ತರ ಇರುವುದಿಲ್ಲ. ನಿಮ್ಮ ಹಂಚಿಕೆ ಸರಿಯೇ ಎಂದು ನೀವೇ ನೋಡಿಕೊಳ್ಳಲು ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ: ಹಳೆಯ ಕಟ್ಟಡ ಹೊಸದಕ್ಕಿಂತ ದುಬಾರಿಯಾಗಿ ಕಂಡರೆ ಎಲ್ಲೋ ಎಡವಟ್ಟಾಗಿದೆ.

ನನಗೆ ಕೇಳಿದರೆ, ಹಂಚಿಕೆಯನ್ನು ಕರಾರಿನ ಹಂತದಲ್ಲೇ ಮಾತಾಡಿ, ನೆಲಕ್ಕಿಷ್ಟು ಕಟ್ಟಡಕ್ಕಿಷ್ಟು ಎಂದು ಕ್ರಯಪತ್ರದಲ್ಲೇ ಬರೆಸುವುದು ಒಳ್ಳೆಯದು. ಮಾರುವವರೂ ವ್ಯಾಪಾರಸ್ಥರಾಗಿದ್ದು ಅದೇ ಕಟ್ಟಡದ ಮೇಲೆ ಸವಕಳಿ ತೆಗೆದುಕೊಂಡಿದ್ದರೆ ಇದಕ್ಕೆ ವಿಶೇಷ ತೂಕ ಬರುತ್ತದೆ. ಸವಕಳಿ ಪಡೆದ ಕಟ್ಟಡ ಮಾರಿದಾಗ ಬಂದ ಲಾಭವನ್ನು, ಎಷ್ಟೇ ವರ್ಷ ಇಟ್ಟುಕೊಂಡಿದ್ದರೂ, ಕಾನೂನು ಅಲ್ಪಾವಧಿಯ ಲಾಭ ಎಂದೇ ಗಣಿಸುತ್ತದೆ. ನೆಲವನ್ನು ಎರಡು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡಿದ್ದರೆ ಅದರ ಲಾಭ ದೀರ್ಘಾವಧಿಯದು. ಹಾಗಾಗಿ ಮಾರುವವರಿಗೆ ನೆಲದ ಪಾಲು ಹೆಚ್ಚಿರಲಿ ಅನ್ನಿಸುತ್ತದೆ, ಕೊಳ್ಳುವವರಿಗೆ ಕಟ್ಟಡದ ಪಾಲು. ಎಳೆದಾಟವಿದ್ದ ಇಬ್ಬರು ಕೂತು ಒಪ್ಪಿದ ಅಂಕಿಯನ್ನು ಒಬ್ಬರೇ ಮನೆಯಲ್ಲಿ ಬರೆದುಕೊಂಡದ್ದೆಂದು ತಳ್ಳಿಹಾಕುವುದು ಕಷ್ಟ.

ಪ್ರೆಸ್ಸಿನವರು ಹತ್ತು ವರ್ಷದ ಮೇಲೆ ಇದನ್ನು 1.5 ಕೋಟಿಗೆ ಮಾರಿದರು ಎನ್ನಿ. ಆಗ ಬರುವ ಬೆಲೆಯನ್ನೂ ಹೀಗೆಯೇ ಹಂಚಬೇಕು. ಇಪ್ಪತ್ತೈದು ವರ್ಷದ ಕಟ್ಟಡಕ್ಕೆ 15 ಲಕ್ಷ, ನೆಲಕ್ಕೆ 1.35 ಕೋಟಿ ಎಂದು ಬಂತು. ಹತ್ತು ವರ್ಷದ ಸವಕಳಿ ಕಳೆದು ಕಟ್ಟಡದ ಪುಸ್ತಕದ ಬೆಲೆ ಸುಮಾರು 7,65,000ಕ್ಕೆ ಇಳಿದಿರುತ್ತದೆ. ಅವರ ಬಳಿ ಬೇರೆ ಕಟ್ಟಡ ಇಲ್ಲದಿದ್ದರೆ ಉಳಿದ 7,35,000 ಅಲ್ಪಾವಧಿಯ ಲಾಭ. ನೆಲದ ಲಾಭ 1.35 ಕೋಟಿಯಲ್ಲಿ 65,40,000 ಕಳೆದು 69,60,000. 2024ರ ಜುಲೈ 23ರಿಂದ ಜಾರಿಗೆ ಬಂದ ದರದಂತೆ ಇದರ ಮೇಲೆ ಶೇ. 12.5 ತೆರಿಗೆ. ಆ ಹಳೆಯ 5,40,000 ಕೊನೆಗೂ ಕೆಲಸಕ್ಕೆ ಬರುವುದು ಈಗ. ನೋಂದಣಿಯ ರಸೀದಿ, ವಕೀಲರ ಬಿಲ್ಲು, ಬ್ರೋಕರ್‌ಗೆ ಕೊಟ್ಟ ಚೆಕ್ಕಿನ ದಾಖಲೆ ಕಳೆದುಹೋಗಿ, ನೆಲದ ಬೆಲೆ ಬರೀ 60 ಲಕ್ಷ ಎಂದು ಲೆಕ್ಕ ಹಾಕಬೇಕಾಗಿ ಬಂದರೆ 67,500 ರೂಪಾಯಿ ಹೆಚ್ಚು ತೆರಿಗೆ ಕಟ್ಟಬೇಕು. ಈ ಕಾಗದಗಳನ್ನು ಆ ವರ್ಷದ ವೋಚರುಗಳ ಜೊತೆ ಕಟ್ಟಿ ಅಟ್ಟಕ್ಕೆ ಹಾಕಬೇಡಿ. ವೋಚರ್ ಕಟ್ಟುಗಳನ್ನು ಕೆಲವು ವರ್ಷದ ಮೇಲೆ ರದ್ದಿಗೆ ಹಾಕುತ್ತಾರೆ. ಇವು ಕ್ರಯಪತ್ರದ ಜೊತೆಗೇ ಇರಬೇಕು.

ವಾಸಕ್ಕೆಂದು ಮನೆ ಕೊಂಡವರಿಗೆ ಇದರಲ್ಲಿ ಎಷ್ಟು ಅನ್ವಯಿಸುತ್ತದೆ? ಸವಕಳಿಯ ಮಾತೇ ಇಲ್ಲ. ಬಾಡಿಗೆಗೆ ಕೊಟ್ಟರೂ, ಬಾಡಿಗೆ ಆದಾಯದಲ್ಲಿ ಶೇ. 30 ನೇರವಾಗಿ ಕಳೆಯುತ್ತಾರೆಯೇ ಹೊರತು ಸವಕಳಿ ಸಿಗುವುದಿಲ್ಲ. ಆದರೆ ಮುದ್ರಾಂಕ ಶುಲ್ಕ, ನೋಂದಣಿ, ವಕೀಲರ ಶುಲ್ಕ ಅವರಿಗೂ ಬೆಲೆಯ ಭಾಗವೇ, ಮಾರುವ ದಿನ ಬೇಕಾಗುತ್ತವೆ.

ಹಂಚಿಕೆಯೇ ಬೇಡವಾಗುವ ಸಂದರ್ಭವೂ ಇದೆ. ಊರ ಪೇಟೆಬೀದಿಯಲ್ಲಿ ಹಳೆಯ ಮಣ್ಣಿನ ಗೋಡೆಯ, ಮಂಗಳೂರು ಹೆಂಚಿನ ಮಳಿಗೆಯನ್ನು, ಕೆಡವಿ ಹೊಸದು ಕಟ್ಟಬೇಕೆಂದೇ ಕೊಳ್ಳುವವರು ಬಹಳ. ಕ್ರಯಪತ್ರದ ತಪಶೀಲಿನಲ್ಲಿ ‘ಕಟ್ಟಡ ಸಮೇತ’ ಎಂದಿರುತ್ತದೆ, ಮುದ್ರಾಂಕ ಶುಲ್ಕ ಹಾಕುವಾಗ ಕಚೇರಿಯವರು ಆ ಹಳೆಯ ಕಟ್ಟಡಕ್ಕೂ ಒಂದು ಮೊತ್ತ ಹಿಡಿದಿರುತ್ತಾರೆ. ಆದರೂ ಕೊಂಡವರಿಗೆ ಬೇಕಾಗಿದ್ದದ್ದು ಜಾಗ ಮಾತ್ರ. ಆ ಗೋಡೆಗಳಿಗೆ ಅವರು ಬೆಲೆ ಕೊಟ್ಟಿಲ್ಲ, ಒಂದು ದಿನವೂ ಅಲ್ಲಿ ವ್ಯಾಪಾರ ಮಾಡಿಲ್ಲ. ಅಂಥ ಕಡೆ ಕೊಟ್ಟ ಬೆಲೆ, ನೋಂದಣಿ ವೆಚ್ಚ, ವಕೀಲರ ಶುಲ್ಕ ಎಲ್ಲ ನೆಲಕ್ಕೇ ಹೋಗಬೇಕು. ಕೆಡವಿಸಿದ ಕೂಲಿಯನ್ನೂ ಸಾಮಾನ್ಯವಾಗಿ ನೆಲಕ್ಕೇ ಸೇರಿಸುತ್ತಾರೆ, ಹಳೆಯ ತೊಲೆ, ಬಾಗಿಲು, ಹೆಂಚು ಮಾರಿ ಬಂದದ್ದನ್ನು ಅದರಲ್ಲಿ ಕಳೆಯುತ್ತಾರೆ. ಕೊಂಡ ಮೇಲೆ ನಾಲ್ಕೈದು ವರ್ಷ ಅದೇ ಮಳಿಗೆಯಲ್ಲಿ ವ್ಯಾಪಾರ ಮಾಡಿ ಆಮೇಲೆ ಕೆಡವಿದರೆ ಮಾತ್ರ ಲೆಕ್ಕ ಬೇರೆ: ಕೊಂಡ ದಿನ ಆ ಮಳಿಗೆಗೂ ಒಂದು ಬೆಲೆ ಇತ್ತು, ಆ ದಿನವೇ ಅದನ್ನು ಬೇರೆಯಾಗಿ ಬರೆದಿಡಬೇಕಿತ್ತು.